ಯಾರೂ ಗುಂಡಿ ಒತ್ತದ ಲಿಫ್ಟು

ಮನುಷ್ಯನ ನಾಗರಿಕತೆಯನ್ನು ಅಳೆಯಬೇಕಾದರೆ ಅವನು ಸಭೆಯಲ್ಲಿ ಹೇಗೆ ಮಾತಾಡುತ್ತಾನೆಂದು ನೋಡಬಾರದು. ನಾಲ್ಕು ಗೋಡೆಗಳ ನಡುವೆ, ಅರ್ಧಂಬರ್ಧ ಪರಿಚಯದವನೊಬ್ಬನ ಪಕ್ಕದಲ್ಲಿ, ಬಾಗಿಲು ಮುಚ್ಚಿದ ಮೇಲೆ ಹೇಗೆ ನಿಲ್ಲುತ್ತಾನೆಂದು ನೋಡಬೇಕು. ನಾನು ಹಾಗೆ ನಿಂತಾಗ ಗೋಡೆಗೆ ಆನಿಸಿಟ್ಟ ಏಣಿಯಂತೆ ಕಾಣುತ್ತೇನೆಂದು ನಮ್ಮಕ್ಕ ಹೇಳುತ್ತಾಳೆ.

ನಾರಾಯಣಪೇಟೆಯಲ್ಲಿ ಹುಟ್ಟಿ, ತಹಸೀಲು ಕಚೇರಿಯಲ್ಲಿ ನಕಲು ತೆಗೆಯುತ್ತ ಆಯುಷ್ಯ ಸವೆಸಿದ ನನಗೆ ಓಣಿಯ ನಮಸ್ಕಾರದ ಶಾಸ್ತ್ರ ಚೆನ್ನಾಗಿ ಗೊತ್ತು. ಓಣಿ ಬಹಳ ದಯಾಳು. ಎದುರಿನಿಂದ ಬರುವವನು ದೂರದಲ್ಲೇ ಕಾಣುತ್ತಾನೆ. ಮುಖ ಸರಿಮಾಡಿಕೊಳ್ಳಲು ಸಮಯ ಸಿಗುತ್ತದೆ. ಮಾತಾಡುವ ಮನಸ್ಸಿದ್ದರೆ ನಡಿಗೆ ನಿಧಾನ ಮಾಡಬಹುದು. ಇಲ್ಲದಿದ್ದರೆ ಚಪ್ಪಲಿಯ ಉಂಗುಷ್ಟ ಸರಿಮಾಡುವ ನೆಪದಲ್ಲಿ ಬಗ್ಗಬಹುದು, ಮಗ್ಗುಲ ಸಂದಿಗೆ ಹೊರಳಬಹುದು, ಏನೂ ಇಲ್ಲದಿದ್ದರೆ ಯಾರದೋ ಮೇಕೆಯನ್ನು ಗಂಭೀರವಾಗಿ ಪರೀಕ್ಷಿಸುತ್ತ ನಿಲ್ಲಬಹುದು. ಲಿಫ್ಟಿನಲ್ಲಿ ಸಂದಿ ಇಲ್ಲ, ಮೇಕೆಯೂ ಇಲ್ಲ.

ಆದ್ದರಿಂದ ಲಿಫ್ಟಿಗೆ ಬೇರೆಯೇ ಶಾಸ್ತ್ರ ಬೇಕಾಗುತ್ತದೆ. ಹೈದರಾಬಾದಿಗೆ ಹೋಗಿ ಬಂದಾಗಲೆಲ್ಲ ನೋಡಿ ನೋಡಿ ಅದನ್ನೂ ನಾನು ಒಂದಷ್ಟು ಕಲಿತಿದ್ದೆ. ಒಳಗೆ ಕಾಲಿಡುವಾಗ ಕಣ್ಣಿಗೆ ಕಣ್ಣು ಸಿಕ್ಕರೆ ಒಮ್ಮೆ ತಲೆ ಬಾಗಿಸಬೇಕು. ಎರಡು ಸಲ ಬಾಗಿಸಿದರೆ ಏನೋ ಕೆಲಸವಿದೆ ಎಂದರ್ಥ. ಆಮೇಲೆ ಎಲ್ಲರೂ ಬಾಗಿಲ ಕಡೆಗೇ ತಿರುಗಬೇಕು, ಎದುರುಬದುರಾಗಿ ನಿಂತರೆ ಜಗಳಕ್ಕೆ ನಿಂತ ಹಾಗೆ. ಮಾತು ಆರಂಭಿಸುವುದಾದರೆ ಇಳಿಯುವುದರೊಳಗೆ ಮುಗಿಯುವಷ್ಟೇ ಉದ್ದದ್ದು ಇರಬೇಕು. ಆರಂಭಿಸಿ ನಡುವೆ ಸುಮ್ಮನಾಗುವುದು ಆರಂಭಿಸದೆ ಇರುವುದಕ್ಕಿಂತ ಕೆಟ್ಟದ್ದು. ಗುಂಡಿಗಳ ಪಕ್ಕ ನಿಂತವನು ಬಯಸಿದರೂ ಬಯಸದಿದ್ದರೂ ಆ ಲಿಫ್ಟಿನ ಕಂಡಕ್ಟರು, 'ಎಷ್ಟನೇದ್ರೀ?' ಎಂದು ಕೇಳುವುದು ಅವನ ಧರ್ಮ. ಲೋಕದಲ್ಲಿ ಯಾರನ್ನು ಬೇಕಾದರೂ, ಯಾವಾಗ ಬೇಕಾದರೂ, ಪರಿಚಯವಿಲ್ಲದೆಯೂ ಕೇಳಬಹುದಾದ ನಿರಪಾಯದ ಪ್ರಶ್ನೆ ಅದೊಂದೇ ಎಂದು ನಾನು ನಂಬಿದ್ದೆ. ಗದ್ವಾಲಿನಲ್ಲಿ ಆ ನಂಬಿಕೆ ಹೋಯಿತು.

ಸಂಗತಿ ಹೀಗಿದೆ. ಅಕ್ಕನ ಮಗಳನ್ನು ಮಕ್ತಲದವರು ನೋಡಿಕೊಂಡು ಹೋಗಿದ್ದರು. ಹುಡುಗಿ ಸೀರೆಯ ಅಂಚಿಗೆ ವಿನ್ಯಾಸ ಬರೆದು ನಾರಾಯಣಪೇಟೆಯ ನೇಕಾರರಿಗೆ ಕೊಡುವವಳು. ಕೈಗಿಂತ ನಾಲಿಗೆ ಚುರುಕು. ಅದುವರೆಗೆ ಬಂದ ಗಂಡುಗಳಿಗೆಲ್ಲ ಅವರು ಓಣಿ ದಾಟುವುದರೊಳಗೆ ಒಂದೊಂದು ಹೆಸರಿಟ್ಟು ಮುಗಿಸಿದ್ದಳು. ಒಬ್ಬನಿಗೆ 'ನೆನೆಗಡ್ಲಿ', ಇನ್ನೊಬ್ಬನಿಗೆ 'ಹಾಜರಿ'. ಈ ಮಕ್ತಲದ ಹುಡುಗ ಕಾಲೇಜಿನಲ್ಲಿ ಪಾಠ ಹೇಳುವವನು. ಅವನು ಹೋದ ಮೇಲೆ ನಾನು, "ಇವಗೇನು ಹೆಸರಿಟ್ಟಿ?" ಎಂದು ಕೇಳಿದೆ.

"ಅವರಿಗೆ ಹೆಸರು ಐತಲ್ಲ ಮಾಮಾ," ಎಂದು ತಾಟು ಎತ್ತಿಕೊಂಡು ಒಳಗೆ ಹೋದಳು.

ಅಕ್ಕ ನನ್ನ ಮುಖ ನೋಡಿದಳು, ನಾನು ಅಕ್ಕನ ಮುಖ ನೋಡಿದೆ. ಹುಡುಗಿಗೆ ಮನಸ್ಸಾಗಿತ್ತು.

ಮನಸ್ಸಾದದ್ದೇ ಕಷ್ಟಕ್ಕೆ ಮೂಲವಾಯಿತು. ಹಿಂದೆ ಒಂದು ಸಂಬಂಧ ಎಲ್ಲ ಸರಿ ಹೋಗಿ, ಅಕ್ಕನಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದ ಕೂಡಲೇ ತಣ್ಣಗಾಗಿತ್ತು. ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕ ಸೂಜಿಮದ್ದಿನ ಡಬ್ಬಿ ಯಾರ ಕಣ್ಣಿಗೋ ಬಿತ್ತು. 'ಮನೆತನದಾಗ ಸಕ್ಕರಿ ಐತಂತ' ಎಂಬ ಮಾತು ನಮಗಿಂತ ಮೊದಲು ಆ ಗಂಡಿನವರ ಊರು ಮುಟ್ಟಿತು. ಹಾಗಾಗಿ ಈ ಸಲ ಮಕ್ತಲದಿಂದ ಜವಾಬು ಬರುವ ತನಕ ಆ ವಿಷಯ ಬಾಯಿ ಬಿಡಬಾರದೆಂದು ಮನೆಯಲ್ಲಿ ಫೈಸಲಾ ಆಗಿತ್ತು. ಫೈಸಲಾ ಮಾಡಿದವನು ನಾನು. ಅಕ್ಕ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಬೆಳ್ಳುಳ್ಳಿ ಸುಲಿಯುತ್ತಿದ್ದಳು.

ಜವಾಬು ಬರುವ ಕ್ರಮವೂ ನಮ್ಮ ಕಡೆ ಬಿಗಿಯಾದದ್ದು. ಹೆಣ್ಣು ನೋಡಿದವರು ಅವಲಕ್ಕಿ ತಿಂದು, ಚಹಾ ಕುಡಿದು, 'ಹೇಳಿ ಕಳಸ್ತೀವಿ' ಎಂದು ಎದ್ದು ಹೋಗುತ್ತಾರೆ. ಆಮೇಲೆ ಮಾತು ಬರಬೇಕಾದದ್ದು ಮಧ್ಯಸ್ಥರ ಮೂಲಕವೇ. ನಮ್ಮ ಮಧ್ಯಸ್ಥರು ನಿವೃತ್ತ ಬಸ್ ಕಂಡಕ್ಟರು; ಈ ಕಡೆಯ ಮಾತನ್ನು ಆ ಕಡೆಗೆ ಒಂದು ಅಕ್ಷರ ಹೆಚ್ಚಿಲ್ಲದೆ ಒಂದು ಅಕ್ಷರ ಕಡಿಮೆಯಿಲ್ಲದೆ ಇಳಿಸಿ ಬರುವವರು. ಅವರು ಬಾಯಿ ತೆರೆಯುವ ತನಕ ಎರಡು ಮನೆಯವರೂ ಒಬ್ಬರಿಗೊಬ್ಬರು ಎದುರಾಗಬಾರದು. ಎದುರಾದರೆ ಎಲ್ಲದಕ್ಕೂ ಅರ್ಥ ಹುಟ್ಟುತ್ತದೆ. ಹೆಣ್ಣಿನವರು ನಕ್ಕು ಮಾತಾಡಿಸಿದರೆ 'ಗಂಟು ಬಿದ್ದಾರ', ಮಾತಾಡಿಸದಿದ್ದರೆ 'ಸೊಕ್ಕು'. ಗಂಡಿನವರು ನಕ್ಕರೆ ಒಪ್ಪಿಗೆ ಕೊಟ್ಟಂತೆ. ನಗದಿದ್ದರೆ ಒಲ್ಲೆ ಅಂದಂತೆ. ಇಂಥ ದಿನಗಳಲ್ಲಿ ಜಾಣರು ಸಂತೆಗೂ ಹೋಗುವುದಿಲ್ಲ.

ನಾವು ಹೋದೆವು. ಸಂತೆಗಲ್ಲ, ಗದ್ವಾಲಿಗೆ. ಅಕ್ಕನ ಕಾಲಿನ ಬೆರಳು ಜೋಮು ಹಿಡಿಯುತ್ತಿತ್ತು, ಡಾಕ್ಟರಿಗೆ ತೋರಿಸಲೇಬೇಕಿತ್ತು. ನಾರಾಯಣಪೇಟೆಯಲ್ಲಿ ತೋರಿಸಿದರೆ ಔಷಧಿ ಅಂಗಡಿಯಲ್ಲಿ ನಿಂತವರೆಲ್ಲ ನಮ್ಮ ನೆಂಟರು. ಕೃಷ್ಣಾ ನದಿ ದಾಟಿಬಿಟ್ಟರೆ ಯಾರೂ ಗುರುತಿನವರಿಲ್ಲ ಎಂಬುದು ನನ್ನ ಲೆಕ್ಕ. ನದಿಗಳನ್ನು ದಾಟಿ ಯುದ್ಧ ಗೆದ್ದವರಿದ್ದಾರೆ. ನಾವು ಸಕ್ಕರೆ ಮುಚ್ಚಿಡಲು ದಾಟಿದೆವು. ಭಾವನವರಿಗೆ ಬಸ್ಸಿನಲ್ಲಿ ತಲೆ ಸುತ್ತುವುದರಿಂದ ಜೊತೆಗೆ ಹೋಗುವ ಕೆಲಸ ನನಗೆ ಬಂತು.

ಬಸ್ಸು ಮಕ್ತಲದಲ್ಲಿ ನಿಂತಾಗ ಅಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ನೀ ಆ ಟೊಪ್ಪಿಗಿ ತಗಿ," ಎಂದಳು ನನಗೆ.

"ಯಾಕ?"

"ನಿನ್ನ ಮಾರಿ ಯಾರೂ ನೆನಪಿಟ್ಟಿಲ್ಲ. ಆ ಟೊಪ್ಪಿಗಿ ಇಡೀ ಜಿಲ್ಲಾಕ್ಕ ಗೊತ್ತೈತಿ."

ನಾನು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಬಸ್ಸು ಹೊರಟು, ಜೂರಾಲ ಆಣೆಕಟ್ಟಿನ ಮೇಲೆ ಬಂದಾಗ ಮತ್ತೆ ಹಾಕಿಕೊಂಡೆ.

ಗದ್ವಾಲಿನಲ್ಲಿ ಡಾಕ್ಟರಿದ್ದದ್ದು ಹೊಸ ಕಟ್ಟಡವೊಂದರಲ್ಲಿ. ಕೆಳಗೆ ಔಷಧಿ ಅಂಗಡಿ, ಒಂದನೇ ಅಂತಸ್ತಿನಲ್ಲಿ ಬರೀ ಸೀರೆ ಅಂಗಡಿ, ಎರಡರಲ್ಲಿ ಸಕ್ಕರೆ ಡಾಕ್ಟರು, ಮೂರರಲ್ಲಿ ಹಲ್ಲಿನವರು. ಮೆಟ್ಟಿಲ ಪಕ್ಕದ ಫಲಕದಲ್ಲಿ ತೆಲುಗಿನಲ್ಲಿ ದೊಡ್ಡದಾಗಿ ಬರೆದಿತ್ತು. ಅಂದರೆ ಆ ಲಿಫ್ಟಿನಲ್ಲಿ ಯಾರು ಯಾವ ಗುಂಡಿ ಒತ್ತಿದರೂ ಅವರ ಸಂಸಾರದ ಗುಟ್ಟು ಆ ಗುಂಡಿಯಲ್ಲೇ ಕೆಂಪಗೆ ಹೊತ್ತಿಕೊಳ್ಳುತ್ತಿತ್ತು. ಆ ಕ್ಷಣಕ್ಕೆ ಇದು ನನಗೆ ಹೊಳೆದಿರಲಿಲ್ಲ.

ಅಕ್ಕನ ಕೈಯಲ್ಲಿ ಸ್ಟೀಲಿನ ಟಿಫಿನ್ ಡಬ್ಬಿ ಇತ್ತು. ಸಕ್ಕರೆ ಇದ್ದವರು ಬರಿ ಹೊಟ್ಟೆಯಲ್ಲಿ ಬಂದು ರಕ್ತ ಕೊಟ್ಟು, ಅಲ್ಲೇ ತಿಂದು, ಸ್ವಲ್ಪ ಹೊತ್ತು ಕೂತು ಮತ್ತೊಮ್ಮೆ ರಕ್ತ ಕೊಡಬೇಕು. ಬೆಳಗಿನ ಹೊತ್ತು ಡಾಕ್ಟರ ಕಟ್ಟಡದ ಮುಂದೆ ಯಾರ ಕೈಯಲ್ಲಾದರೂ ಟಿಫಿನ್ ಡಬ್ಬಿ ಕಂಡರೆ ಬೇರೆ ಸಾಕ್ಷಿ ಬೇಕಿಲ್ಲ.

ಲಿಫ್ಟಿನ ಬಾಗಿಲು ತೆರೆದಿತ್ತು. ಹತ್ತಿದೆವು. ನಾನು ಗುಂಡಿಗಳ ಪಕ್ಕ ನಿಂತು ಎರಡರ ಕಡೆಗೆ ಬೆರಳು ಚಾಚಿದೆ. ಮುಚ್ಚುತ್ತಿದ್ದ ಬಾಗಿಲ ನಡುವೆ ಒಂದು ಕೈ ಬಂತು. ಬಾಗಿಲು ಹಿಂದೆ ಸರಿಯಿತು. ಕೈಯ ಹಿಂದೆ ಬಿಳಿ ಧೋತರ, ಹೆಗಲ ಮೇಲೆ ಮಡಚಿದ ಟವೆಲ್ಲು, ಹಣೆಯ ಮೇಲೆ ವಿಭೂತಿ. ಮಕ್ತಲದ ಹುಡುಗನ ತಂದೆ.

ಕಡಲೆಕಾಯಿ, ಹತ್ತಿಯ ವ್ಯಾಪಾರ ಮಾಡಿದ ದೊಡ್ಡ ಆಳು. ಹೆಣ್ಣು ನೋಡಲು ಬಂದ ದಿನ ಅವರು ಆಡಿದ್ದು ಕಡಿಮೆ, ನಮ್ಮ ಮನೆಯ ತೊಲೆಗಳನ್ನು ನೋಡಿದ್ದೇ ಹೆಚ್ಚು. ನಮ್ಮನ್ನು ಕಂಡು ಅವರ ಕಾಲು ಹೊಸ್ತಿಲಲ್ಲಿ ಒಂದು ಉಸಿರಿನಷ್ಟು ತಡೆಯಿತು. ಹಿಂದಕ್ಕೆ ಹೋಗಬಹುದಿತ್ತು, ಹೋದರೆ ತಪ್ಪಿಸಿಕೊಂಡಂತೆ. ಒಳಗೆ ಬಂದರು.

"ಶರಣ್ರೀ," ಎಂದರು.

"ಶರಣು ಶರಣ್ರೀ," ಎಂದೆವು ಅಕ್ಕ ಮತ್ತು ನಾನು ಒಟ್ಟಿಗೆ, ಶಾಲೆಯ ಮಕ್ಕಳಂತೆ.

ನಮ್ಮ ಈ 'ಶರಣ್ರೀ'ಯನ್ನು ಎಷ್ಟು ಹೊಗಳಿದರೂ ಸಾಲದು. ಇದರಲ್ಲಿ ಗೌರವವಿದೆ, ಪ್ರಶ್ನೆ ಇಲ್ಲ. ಒಪ್ಪಿಗೆಯೂ ಇಲ್ಲ, ನಿರಾಕರಣೆಯೂ ಇಲ್ಲ. ಹೇಳಿದ ಮೇಲೆ ಮಾತು ಮುಂದುವರಿಸಬಹುದು, ಸುಮ್ಮನೆಯೂ ಇರಬಹುದು. ಆದರೆ ಅದು ಒಂದೇ ಸಲಕ್ಕೆ ಬರುವ ನಾಣ್ಯ. ನಾವು ಅದನ್ನು ಖರ್ಚು ಮಾಡಿಯಾಗಿತ್ತು. ಬಾಗಿಲು ಮುಚ್ಚಿತು.

ಎರಡರ ಕಡೆಗೆ ಚಾಚಿದ್ದ ನನ್ನ ಬೆರಳು ಗಾಳಿಯಲ್ಲೇ ಇತ್ತು. ಅದನ್ನು ಹಾಗೆಯೇ ಹಿಂದಕ್ಕೆ ತಂದು ಕಿವಿ ಕೆರೆದುಕೊಂಡೆ. ಕಿವಿ ಕೆರೆಯುವುದಕ್ಕೇ ಅಷ್ಟು ದೂರ ಹೋಗಿತ್ತು ಎಂಬಂತೆ.

ಈಗ ನನ್ನ ಧರ್ಮವೇನು? ಗುಂಡಿಯ ಪಕ್ಕ ನಿಂತವನು ನಾನು. 'ಎಷ್ಟನೇದ್ರೀ?' ಎಂದು ಅವರನ್ನು ಕೇಳಬೇಕು. ಆದರೆ ಕೇಳಿದರೆ 'ನಿಮಗೆ ಯಾವ ಕಾಯಿಲೆ?' ಎಂದು ಕೇಳಿದಂತೆ. ಅವರು ಮೂರು ಎಂದರೆ ಹಲ್ಲು. ಎರಡು ಎಂದರೆ ಅವರಿಗೂ ಸಕ್ಕರೆ. ಗಂಡಿನ ತಂದೆಯ ಬಾಯಿಂದ ಅದನ್ನು ಹೊರಡಿಸಿದ ಹೆಣ್ಣಿನ ಸೋದರಮಾವನನ್ನು ಯಾರು ಕ್ಷಮಿಸುತ್ತಾರೆ? ಅದಕ್ಕಿಂತ ಕೆಟ್ಟದ್ದೆಂದರೆ, ಕೇಳಿದ ಪ್ರಶ್ನೆ ಹಿಂದಕ್ಕೆ ಬರುತ್ತದೆ. 'ನಮ್ಮದಿರಲಿ, ನಿಮ್ಮದು ಎಷ್ಟನೇದ್ರೀ?' ಲೋಕದ ಏಕೈಕ ನಿರಪಾಯದ ಪ್ರಶ್ನೆ ನನ್ನ ಕೈಯಲ್ಲೇ ಹಾವಾಗಿ ಹೆಡೆ ಎತ್ತಿತು.

ಬೇರೆ ಏನಾದರೂ ಮಾತಾಡೋಣವೆಂದರೆ, ಬಿಸಿಲಿನ ಬಗ್ಗೆ ಆಡಬಹುದು. 'ಬಿಸಿಲು ಭಾಳ ಐತ್ರಿ.' 'ಹೌದ್ರಿ. ಇಂಥ ಬಿಸಿಲಾಗ ಇಷ್ಟು ದೂರ ಯಾಕ ಬಂದ್ರಿ?' ಬೇಡ. ಬಸ್ಸಿನ ನೂಕುನುಗ್ಗಲು? 'ಎಲ್ಲಿಂದ ಹತ್ತಿದ್ರಿ, ಮಕ್ತಲ್ದಾಗ ನಿಂತಿರಬೇಕಲ್ಲ?' ಬೇಡವೇ ಬೇಡ. ಹುಡುಗ ಹೇಗಿದ್ದಾನೆ ಎಂದರೆ ಗಂಟು ಬಿದ್ದಂತೆ. ನಾನು ಆಲೋಚಿಸಿದ ಪ್ರತಿ ಮಾತೂ ಒಂದೆರಡು ಮೆಟ್ಟಿಲು ಹತ್ತಿ ಎರಡನೇ ಅಂತಸ್ತಿಗೇ ಬಂದು ನಿಲ್ಲುತ್ತಿತ್ತು. ಸುಮ್ಮನಿರುವುದೇ ಸರಿ ಎಂದುಕೊಂಡೆ.

ಅವರೂ ಸುಮ್ಮನಿದ್ದರು. ಕೈ ಹಿಂದೆ ಕಟ್ಟಿ, ಲಿಫ್ಟಿನಲ್ಲಿ ಎಷ್ಟು ಜನ ಹತ್ತಬಹುದೆಂದು ಬರೆದ ತಗಡನ್ನು ಶಾಸನ ಓದುವವರಂತೆ ಓದುತ್ತಿದ್ದರು. ಅಕ್ಕ ಡಬ್ಬಿಯನ್ನು ಸೆರಗಿನೊಳಗೆ ತೆಗೆದುಕೊಂಡು ಬಾಗಿಲು ನೋಡುತ್ತಿದ್ದಳು. ಮೂವರೂ ಬಾಗಿಲ ಕಡೆ ತಿರುಗಿ, ಮೂವರೂ ಮುಖದಲ್ಲಿ ಸಾತ್ವಿಕ ಕಳೆ ತಂದುಕೊಂಡು, ಲಿಫ್ಟಿನ ಶಾಸ್ತ್ರದಲ್ಲಿ ಒಂದು ಕೊರತೆಯೂ ಇಲ್ಲದಂತೆ ನಿಂತಿದ್ದೆವು. ಲಿಫ್ಟು ಮಾತ್ರ ಹೋಗುತ್ತಿರಲಿಲ್ಲ. ಯಾರೂ ಗುಂಡಿ ಒತ್ತಿರಲಿಲ್ಲ.

ಇದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ಗೊತ್ತಿದೆಯೆಂದು ತೋರಿಸಿದರೆ ಯಾರಾದರೂ ಒತ್ತಬೇಕಾಗುತ್ತದೆ. ಆದ್ದರಿಂದ ನಾವು ಮೇಲೆ ಹೋಗುತ್ತಿರುವವರಂತೆಯೇ ನಿಂತಿದ್ದೆವು.

ಅಷ್ಟರಲ್ಲಿ ಬಾಗಿಲು ತಾನಾಗಿ ತೆರೆಯಿತು. ಹೊರಗೆ ಚಹಾ ಮಾರುವವನೊಬ್ಬ ಕೆಟಲಿ ಹಿಡಿದು ನಿಂತಿದ್ದ. ಹೊರಗಿನ ಗುಂಡಿ ಒತ್ತಿದವನು ಅವನೇ. ಮೇಲಿನಿಂದ ಬಂದ ಲಿಫ್ಟೆಂದು ನಾವು ಇಳಿಯಲು ದಾರಿ ಬಿಟ್ಟು ಪಕ್ಕಕ್ಕೆ ಸರಿದ. ನಾವು ಇಳಿಯಲಿಲ್ಲ.

"ಪೈಕೇನಾ?" ಎಂದು ತೆಲುಗಿನಲ್ಲಿ ಕೇಳಿದ. ಮೇಲಕ್ಕೇನಾ?

ಯಾರೂ ಉತ್ತರಿಸಲಿಲ್ಲ. ಮೇಲಕ್ಕೆ ಎಂದರೆ ಎಷ್ಟನೆಯದೆಂದು ಕೇಳುತ್ತಾನೆ. ಅವನು ಗುಂಡಿಗಳ ಕಡೆ ನೋಡಿದ, ಒಂದೂ ಹೊತ್ತಿರಲಿಲ್ಲ. ನಮ್ಮ ಮೂವರ ಮುಖ ನೋಡಿದ, ಒಂದೂ ಅಲುಗಲಿಲ್ಲ. ಮೂರು ಹೊಸ ಪಟಗಳನ್ನು ಗೋಡೆಗೆ ತೂಗುಹಾಕಿದಂತೆ ಕಂಡಿರಬೇಕು. "ಸರೇ, ಮೀರು ಉಂಡಂಡಿ" ಎಂದು, ಅಂದರೆ ಆಯಿತು ನೀವು ಇರಿ ಎಂದು, ಕೆಟಲಿ ಎತ್ತಿಕೊಂಡು ಮೆಟ್ಟಿಲು ಹತ್ತಿ ಹೋದ. ಬಾಗಿಲು ಮತ್ತೆ ಮುಚ್ಚಿತು.

ಸ್ವಲ್ಪ ಹೊತ್ತಿಗೆ ತಲೆಯ ಮೇಲಿನ ಫ್ಯಾನು ನಿಂತಿತು. ಲಿಫ್ಟು ಕೆಲಸವಿಲ್ಲದೆ ನಿಂತರೆ ಫ್ಯಾನು ತಾನೇ ಆರಿಹೋಗುತ್ತದಂತೆ. ಅದುವರೆಗೆ ಅದರ ಗುಂಯ್ ಎಂಬ ಸದ್ದು ನಮ್ಮ ಮೂವರ ಪರವಾಗಿ ಮಾತಾಡುತ್ತಿತ್ತು. ಅದೂ ಸುಮ್ಮನಾದ ಮೇಲೆ ಉಳಿದ ಮೌನ ಬಹಳ ದಪ್ಪವಾಗಿತ್ತು. ಮೊದಮೊದಲು ಅದು ಸಭ್ಯ ಮೌನವಾಗಿತ್ತು; ಈಗ ಅನುಮಾನದ ವಾಸನೆ ಬರತೊಡಗಿತ್ತು. ಇನ್ನೊಂದು ಗಳಿಗೆ ಹೋದರೆ ಅದೇ ಒಂದು ಜವಾಬಾಗುತ್ತದೆ, ಅದು ನಮಗೆ ಬೇಕಾದ ಜವಾಬಲ್ಲ. ಮನೆಯಲ್ಲಿ ಹುಡುಗಿ, ಹೆಸರಿಡದೆ ಬಿಟ್ಟ ಹುಡುಗನನ್ನು ನೆನೆಯುತ್ತ ಅಂಚು ಬರೆಯುತ್ತಿದ್ದಳು. ಅವಳ ಮದುವೆ ಒಂದು ಡಬ್ಬಿಯ ಗಾತ್ರದ ಕೋಣೆಯಲ್ಲಿ ನಿಂತಲ್ಲೇ ನಿಂತಿತ್ತು. ನನ್ನ ಟೊಪ್ಪಿಗೆಯೊಳಗೆ ಬೆವರು ಇಳಿಯಿತು.

ಅಕ್ಕ ಸೆರಗು ಸರಿಸಿದಳು. ಡಬ್ಬಿಯನ್ನು ಹೊರಗೆ ತೆಗೆದು, ಎಲ್ಲರಿಗೂ ಕಾಣುವಂತೆ ಎರಡು ಕೈಯಲ್ಲಿ ಮುಂದೆ ಹಿಡಿದುಕೊಂಡಳು. ಮುಖ ಬಾಗಿಲ ಕಡೆಗೇ ಇತ್ತು.

"ಅಣ್ಣಾರ, ನಂಗ ಸಕ್ಕರಿ ಐತ್ರಿ. ಭಾಳ ವರ್ಷ ಆತು. ಎರಡನೇದಕ್ಕ ಹೊಂಟೀನಿ." ಆಮೇಲೆ ನನಗೆ: "ತಮ್ಮಾ, ಎರಡು ಒತ್ತು."

ಒತ್ತಿದೆ. ಗುಂಡಿ ಕೆಂಪಗಾಯಿತು, ಫ್ಯಾನು ತಿರುಗಿತು, ಲಿಫ್ಟು ಹೊರಟಿತು.

ನಾನು ತಹಸೀಲಿನಲ್ಲಿ ದೊಡ್ಡ ದೊಡ್ಡ ಹೇಳಿಕೆಗಳ ನಕಲು ತೆಗೆದವನು. ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಕೆಲಸ ಮಾಡಿದ ಹೇಳಿಕೆಯನ್ನು ಎಲ್ಲೂ ಕಂಡಿರಲಿಲ್ಲ. ಅವಳು ತನ್ನ ಅಂತಸ್ತು ಹೇಳಿದಳು, ಅವರದನ್ನು ಕೇಳಲಿಲ್ಲ. 'ನಿಮಗೂ ಅಲ್ಲೇ ಏನ್ರಿ?' ಎನ್ನಲಿಲ್ಲ. 'ಯಾರಿಗೂ ಹೇಳಬ್ಯಾಡ್ರಿ' ಎನ್ನಲಿಲ್ಲ. ಕಾಯಿಲೆಗೆ ಕ್ಷಮೆ ಬೇಡಲಿಲ್ಲ, ಮಗಳ ಹೆಸರು ಎತ್ತಲಿಲ್ಲ. ತನ್ನ ಬಾಗಿಲು ಪೂರಾ ತೆರೆದು, ಅವರ ಬಾಗಿಲು ಮುಚ್ಚಿದ್ದನ್ನು ಹಾಗೆಯೇ ಬಿಟ್ಟಳು.

ಬಾಗಿಲ ಮೇಲೆ ಒಂದು ಎಂಬ ಅಂಕಿ ಬಂದು ಹೋಯಿತು. ಮಕ್ತಲದವರು ಅದನ್ನು ನೋಡಿದ ರೀತಿ ನನಗೆ ವಿಚಿತ್ರವೆನಿಸಿತು. ನಿಲ್ಲದ ಬಸ್ಸಿನಲ್ಲಿ ಕೂತು ತನ್ನೂರು ದಾಟಿ ಹೋಗುವುದನ್ನು ನೋಡುವವರಂತಿತ್ತು. ಅವರು ಅಕ್ಕನಿಗೆ ಏನೂ ಹೇಳಲಿಲ್ಲ. 'ಅಯ್ಯೋ' ಎನ್ನಲಿಲ್ಲ. ಯಾರಿಗೆ ಸಕ್ಕರೆ ಕಾಯಿಲೆ ಎಂದು ತಿಳಿದರೂ ನಮ್ಮ ಕಡೆಯವರು ತಕ್ಷಣ ಕೊಡುವ ಮೆಂತ್ಯದ ಕಾಳಿನ ಸಲಹೆಯನ್ನೂ ಕೊಡಲಿಲ್ಲ. ಅದನ್ನು ತಡೆದುಕೊಳ್ಳುವುದಕ್ಕೆ ಎಂಥ ಸಂಯಮ ಬೇಕೆಂದು ಬಲ್ಲವರೇ ಬಲ್ಲರು.

ಎರಡರಲ್ಲಿ ಬಾಗಿಲು ತೆರೆಯಿತು. ಅವರು ಮುಂದೆ ಬಂದು ಬಾಗಿಲ ಅಂಚಿಗೆ ಕೈ ಅಡ್ಡ ಹಿಡಿದರು, ಮತ್ತೆ ಮುಚ್ಚದ ಹಾಗೆ.

"ನಿಧಾನಕ ಇಳೀರಿ ಅಕ್ಕಾರ. ಇಲ್ಲಿ ಒಂದೀಟು ಎತ್ತರ ಐತಿ."

ನಿಜಕ್ಕೂ ಅಲ್ಲಿ ಲಿಫ್ಟಿಗೂ ನೆಲಕ್ಕೂ ಬೆರಳಷ್ಟು ಎತ್ತರ ತಗ್ಗಿತ್ತು. ಅಕ್ಕ ಜೋಮು ಹಿಡಿದ ಕಾಲು ನೋಡಿ ಇಟ್ಟಳು. "ಬರ್ತೀವ್ರಿ," ಎಂದಳು. "ಹೂಂನ್ರಿ," ಎಂದರು. ಬಾಗಿಲು ಮುಚ್ಚಿತು.

ನಾನು ಅಲ್ಲೇ ನಿಂತು ಬಾಗಿಲ ಮೇಲಿನ ಅಂಕಿಯತ್ತ ಕತ್ತು ಎತ್ತಿದೆ.

"ಈ ಕಡೆ ಬಾ," ಎಂದಳು ಅಕ್ಕ.

"ತಡಿ."

"ಬಾ ಅಂದ್ನಿ. ಅವ್ರ ಎಲ್ಲಿಗರ ಹೋಗ್ಲಿ."

ಅಂಕಿ ಮೂರಕ್ಕೆ ಹೋಗಲಿಲ್ಲ. ಎರಡು ಹೋಗಿ ಒಂದಾಯಿತು, ಒಂದರಲ್ಲೇ ನಿಂತಿತು.

"ಅಕ್ಕಾ, ಒಂದರಾಗ ನಿಂತೈತಿ!"

"ನಿನಗ ಅಂಕಿ ಓದಾಕ ಕಲಿಸಿದ್ದ ತಪ್ಪಾತು ನೋಡು," ಎಂದು ಅಕ್ಕ ಬೆಂಚಿನ ಮೇಲೆ ಕೂತಳು.

ಒಂದರಲ್ಲಿ ಬರೀ ಸೀರೆ. ಗಂಡಿನವರು ಜವಾಬು ಕೊಡುವ ಮೊದಲೇ ಗದ್ವಾಲಿನ ಸೀರೆ ಅಂಗಡಿಗೆ ಹೋಗುವುದನ್ನು ಹೆಣ್ಣಿನವರು ನೋಡಿಬಿಟ್ಟರೆ, ಮಧ್ಯಸ್ಥರ ಬಾಯಿಗೆ ಕೆಲಸವೇ ಉಳಿಯುವುದಿಲ್ಲ. ಅದಕ್ಕೇ ಆ ದೊಡ್ಡ ಆಳು ಗುಂಡಿ ಒತ್ತದೆ ತಗಡು ಓದುತ್ತ ನಿಂತದ್ದು. ನಾನು ಇದನ್ನೆಲ್ಲ ಅಕ್ಕನಿಗೆ ಉತ್ಸಾಹದಿಂದ ವಿವರಿಸಿದೆ.

"ಅವರಿಗೂ ಅಕ್ಕತಂಗೇರು ಇರ್ತಾರ," ಎಂದಳು ಅಕ್ಕ. "ಯಾರಿಗರ ತಗೋತಾರ. ಇನ್ನ ನಾ ಹೇಳಿದ್ದು ಕೇಳ್ಯಾರ. ತಗೊಳ್ಳದನೂ ಇಳೀಬಹುದು."

ಅದನ್ನು ನಾನು ಯೋಚಿಸಿರಲಿಲ್ಲ. ಸೀರೆ ಅಂಗಡಿಯ ಬಾಗಿಲವರೆಗೆ ಹೋಗಿ, ಹಾಗೆಯೇ ಮೆಟ್ಟಿಲು ಇಳಿದು ಮಕ್ತಲದ ಬಸ್ಸು ಹತ್ತುವುದು ಎಷ್ಟರ ಕೆಲಸ?

"ಹಂಗಾದ್ರ ಯಾಕ ಹೇಳಿದಿ? ಹಲ್ಲು ನೋವು ಅನ್ನಬಹುದಾಗಿತ್ತು. ಮೂರು ಒತ್ತಿ, ಮೆಟ್ಟಲದಾಗ ಇಳಿದು ಬರ್ತಿದ್ವಿ."

"ನಾಳೆ ಬೀಗರಾದ್ರ ಅವರ ಮನ್ಯಾಗ ಹೋಳಿಗಿ ಬಡಿಸ್ತಾರ. ಆವಾಗ ಹಲ್ಲು ನೋವು ಅನ್ಲೇನು? ಯಾವತ್ತರ ಹೇಳೂದ ಐತಿ. ಮನ್ಯಾಗ ಕುಂತು ಹೇಳಿದ್ರ ಅವರೂ ಏನರ ಅನ್ನಬೇಕು, ನಾನೂ ಏನರ ಅನ್ನಬೇಕು, ಚಾ ಆರೂತನಕ ಎಲ್ಲಾರ ಮಾರಿ ಸಣ್ಣಗ. ಇಲ್ಲಿ ಏನೈತಿ? ಹೇಳೂದರಾಗ ಬಾಗಲಾ ತೆರೀತೈತಿ. ಕೇಳಿದವರು ಏನೂ ಅನ್ನಬೇಕಾಗಿಲ್ಲ."

ಲಿಫ್ಟಿನಲ್ಲಿ ಉದ್ದದ ಮಾತು ಆಡಬಾರದು, ಬೇಗ ಮುಗಿಯುವ ಹಗುರ ಮಾತೇ ಆಡಬೇಕು ಎಂಬುದು ನನ್ನ ಶಾಸ್ತ್ರ. ಬೇಗ ಮುಗಿಯುತ್ತದೆಂಬ ಕಾರಣಕ್ಕೇ ಅತ್ಯಂತ ಭಾರದ ಮಾತಿಗೂ ಅದೇ ಸರಿಯಾದ ಜಾಗ ಎಂಬುದು ಅಕ್ಕನದು. ಅವಳು ಆವತ್ತಿಗೆ ಲಿಫ್ಟು ಹತ್ತಿದ್ದು ಬೆರಳೆಣಿಕೆಯ ಸಲ. ಅವಳನ್ನು ಒಳಗೆ ಕರೆದರು. ರಕ್ತ ಕೊಟ್ಟು ಬಂದು, ಡಬ್ಬಿ ತೆರೆದು ಜೋಳದ ರೊಟ್ಟಿಯನ್ನೂ ಹೀರೇಕಾಯಿ ಪಲ್ಯವನ್ನೂ ನೆಮ್ಮದಿಯಿಂದ ಉಂಡಳು. ನನಗೆ ಹಸಿವಿರಲಿಲ್ಲ.

ಮನೆಗೆ ಬಂದ ಮೇಲೆ ಅಕ್ಕ ಮಗಳಿಗೆ ನಡೆದದ್ದನ್ನು ಹೇಳಿದಳು. ಸೀರೆ ಅಂಗಡಿಯ ವಿಷಯ ಮಾತ್ರ ಹೇಳಬಾರದೆಂದು ನನಗೆ ಬಸ್ಸಿನಲ್ಲೇ ತಾಕೀತಾಗಿತ್ತು; ಸಂಬಂಧ ಕೂಡದಿದ್ದರೆ ಹುಡುಗಿಗೆ ಎರಡು ಸಲ ನೋವು ಎಂದು.

ಹುಡುಗಿ ಪೆನ್ಸಿಲು ಕೆಳಗಿಟ್ಟಳು. "ನನ್ನೊಂದು ಮಾತು ಕೇಳಬೇಕಾಗಿತ್ತವ್ವಾ."

"ಲಿಫ್ಟಿನಾಗಿಂದ ಹೆಂಗ ಕೇಳ್ಲೆ?"

"ಹಿಂದಿನ ಸರ್ತಿ ಹಿಂಗ..." ಎಂದು ಅಲ್ಲಿಗೇ ನಿಲ್ಲಿಸಿದಳು. ನನ್ನ ಕಡೆ ತಿರುಗಿ, "ನೀ ಏನ್ ಮಾಡಾಕತ್ತಿದ್ದಿ ಮಾಮಾ ಆವಾಗ?" ಎಂದಳು.

"ಗುಂಡಿ ಪಕ್ಕ ನಿಂತಿದ್ದೆ."

"ಏಣಿ ಹಂಗ," ಎಂದಳು ಅಕ್ಕ.

ಹುಡುಗಿ ನಗಲಿಲ್ಲ. ಪೆನ್ಸಿಲು ಎತ್ತಿಕೊಂಡು ಬರೆದದ್ದನ್ನೇ ಅಳಿಸಿ ಅದನ್ನೇ ಮತ್ತೆ ಬರೆಯತೊಡಗಿದಳು. ಮುಂದಿನ ದಿನಗಳಲ್ಲಿ ಮನೆಯಲ್ಲಿ ಯಾರೂ ಮಕ್ತಲದ ಹೆಸರು ಎತ್ತಲಿಲ್ಲ. ಬಸ್ಸಿಳಿದು ಓಣಿಯಲ್ಲಿ ಯಾರೇ ಬರಲಿ, ಮೂವರೂ ಬಾಗಿಲ ಕಡೆ ನೋಡುತ್ತಿದ್ದೆವು. ನಾರಾಯಣಪೇಟೆಯ ಆ ನೆಲಮಟ್ಟದ ಮನೆಯೇ ನಮಗೆ ಲಿಫ್ಟಾಗಿತ್ತು.

ಕಡೆಗೆ ಒಂದು ಸಂಜೆ ಕಂಡಕ್ಟರು ಬಂದರು. ಚಪ್ಪಲಿ ಬಿಟ್ಟು, ನೀರು ಕುಡಿದು, ತಂಬಿಗೆ ಕೆಳಗಿಟ್ಟು, ಟಿಕೆಟ್ ಹರಿದುಕೊಡುವಷ್ಟೇ ನಿರ್ವಿಕಾರವಾಗಿ ಹೇಳಿದರು.

"ಮನಿ ನೋಡಾಕ ಬರ್ರಿ ಅಂದಾರ."

ನಮ್ಮ ಕಡೆ ಹುಡುಗನ ಮನೆ ನೋಡಲು ಕರೆದರೆಂದರೆ ಒಪ್ಪಿದರೆಂದೇ ಅರ್ಥ. ಹುಡುಗಿ ಒಳಗಿಂದ ಬಂದು ಕಂಡಕ್ಟರಿಗೆ ಚಹಾ ಕೊಟ್ಟಳು. ಕೇಳದೆಯೇ ಇನ್ನೊಂದು ಕಪ್ಪನ್ನೂ ಪಕ್ಕದಲ್ಲಿಟ್ಟಳು.

"ಇನ್ನೇನರ ಅಂದ್ರೇನ್ರಿ?" ಎಂದು ನಾನು ಕೇಳಿದೆ. "ಆರೋಗ್ಯ ಗೀರೋಗ್ಯ?"

"ಅಂದಿದ್ರ ಹೇಳ್ತಿದ್ನಿ," ಎಂದರು ಕಂಡಕ್ಟರು, ಅವಮಾನವಾದವರಂತೆ.

ಮಕ್ತಲದಲ್ಲಿ ನಮ್ಮನ್ನು ಜಮಖಾನೆಯ ಮೇಲೆ ಕೂರಿಸಿದರು. ಭಾವನವರು ಬಸ್ಸಿನಲ್ಲಿ ಬಂದ ತಲೆಸುತ್ತಿನಿಂದ ಗೋಡೆಗೆ ಒರಗಿದ್ದರು. ಅಕ್ಕ ಮತ್ತು ಹುಡುಗನ ತಂದೆ ಎದುರುಬದುರು. "ಶರಣ್ರೀ", "ಶರಣು ಶರಣ್ರೀ". ಗದ್ವಾಲಿನಲ್ಲಿ ಕಂಡದ್ದರ ಸುಳಿವು ಅವರ ಮುಖದಲ್ಲೂ ಇಲ್ಲ, ಇವಳ ಮುಖದಲ್ಲೂ ಇಲ್ಲ. ಇಬ್ಬರೂ ಬೇರೆಬೇರೆ ಊರಲ್ಲಿ ಒಂದೇ ಗುರುವಿನ ಹತ್ತಿರ ಕಲಿತವರಂತೆ ಕೂತಿದ್ದರು. ಹುಡುಗನ ತಾಯಿ ಚಹಾ ತಂದರು.

ಹುಡುಗನ ತಂದೆ ಕೈ ಅಡ್ಡ ಹಿಡಿದರು. "ನಂಗ ಸಕ್ಕರಿ ಹಾಕ್ಲಾರದ್ದು ತಾ."

ಹುಡುಗನ ತಾಯಿ ತಟ್ಟೆ ಹಿಡಿದು ನಿಂತೇಬಿಟ್ಟರು. "ನಿಮಗ? ಮೂರು ಚಮಚಾ ಹಾಕಿದ್ರೂ ಸಪ್ಪಗ ಐತಿ ಅಂತಿದ್ರಿ! ಯಾವತ್ತಿಂದ ಇದು?"

"ಇವತ್ತಿಂದ," ಎಂದರು. "ಒಬ್ಬನ ಸಪ್ಪಂದು ಕುಡ್ಯಾಕ ಬ್ಯಾಸರ. ಅಕ್ಕಾರಿಗೂ ಅದ್ರಾಗ ಒಂದು ಕಪ್ಪು ಕೊಡು, ನನ್ನ ಜೋಡಿಗಿ."

ಆ ತಾಯಿಯ ಮುಖದ ಬೆರಗಿನಿಂದ ನನಗೆ ಎರಡು ವಿಷಯ ತಿಳಿಯಿತು. ಆ ಮನುಷ್ಯನಿಗೆ ಸಕ್ಕರೆ ಕಾಯಿಲೆ ಇಲ್ಲ. ಲಿಫ್ಟಿನಲ್ಲಿ ಕೇಳಿದ್ದನ್ನು ಅವರು ಹೆಂಡತಿಗೂ ಹೇಳಿಲ್ಲ. ಅಕ್ಕ ತಾನೇ ಹೇಳುವಾಗ ಹೇಳಲಿ ಎಂದು ಬಿಟ್ಟಿದ್ದಾರೆ.

ಅಕ್ಕ ಕಪ್ಪು ತೆಗೆದುಕೊಂಡಳು. ಒಂದು ಗುಟುಕು ಕುಡಿದು, "ಬೀಗ್ತೀ, ನಂಗ ಖರೇವಂದ್ರೂ ಸಕ್ಕರಿ ಐತ್ರಿ" ಎಂದು ಹುಡುಗನ ತಾಯಿಗೆ ಹೇಳಿದಳು.

"ಅಯ್ಯ, ನಮ್ಮವ್ವಗೂ ಇತ್ತು ಬಿಡ್ರಿ," ಎಂದರು ಅವರು. "ಮೆಂತ್ಯಾ ನೆನಸಿಟ್ಟು ತಗೋರಿ."

ಹುಡುಗನ ತಂದೆ ನನ್ನ ಕಡೆ ನೋಡಿದರು. ಲಿಫ್ಟಿನಲ್ಲಿ ಆ ಮೆಂತ್ಯವನ್ನು ತಡೆದುಕೊಂಡದ್ದು ಎಷ್ಟು ಕಷ್ಟವಾಗಿತ್ತೆಂದು ಆ ನೋಟದಲ್ಲಿತ್ತು. ಆಮೇಲೆ ಆ ಸಪ್ಪೆ ಚಹಾವನ್ನು ಕಷಾಯ ಕುಡಿಯುವ ಮುಖ ಮಾಡಿಕೊಂಡು ಕಡೆಯ ಹನಿಯವರೆಗೂ ಕುಡಿದರು.

ನಿಶ್ಚಯದ ದಿನ ಹುಡುಗಿಯ ಮಡಿಲಿಗೆ ಗದ್ವಾಲಿನ ಸೀರೆ ಬಂತು. ಹಸಿರು ಒಡಲು, ಕುಂಕುಮದ ಬಣ್ಣದ ರೇಷ್ಮೆ ಅಂಚು. ಯಾವಾಗ ತಂದಿರಿ ಎಂದು ಯಾರೋ ಕೇಳಿದರು. "ಹಿಂಗ ಹೋದಾಗ ತಂದಿದ್ದು," ಎಂದರು ಹುಡುಗನ ತಂದೆ. ನಾನು ಏನೋ ಅನ್ನಲು ಬಾಯಿ ತೆರೆದೆ. ಅಕ್ಕ ನನ್ನ ಕಾಲು ತುಳಿದಳು. ಹುಡುಗಿ ಮಾತ್ರ ಅಂಚನ್ನು ತಿರುವಿ ಮುರುವಿ ನೋಡಿ, ಬರೆದವರ ಕೈ ಚೊಲೋ ಐತಿ ಎಂದಳು.

ಮದುವೆಯಾಯಿತು. ಹುಡುಗಿ ಈಗ ಮಕ್ತಲದಲ್ಲಿದ್ದಾಳೆ. ಆ ಮನೆಗೆ ಮಹಡಿ ಇಲ್ಲ, 'ಎಷ್ಟನೇದ್ರೀ?' ಎಂದು ಯಾರೂ ಕೇಳಬೇಕಾಗಿಲ್ಲ.